ಭಾನುವಾರದ ಹೆಚ್ಚುವರಿ ಶಿಫ್ಟ್‌ಗೆ ಹೆಸರು ಕೇಳುವ ನೋಟಿಸ್ ಹೇಗಿರಬೇಕು?

ಪ್ರಶ್ನೆ: ಸರ್, ಪೀಣ್ಯದಲ್ಲಿ ಮಷೀನಿಂಗ್ ಯೂನಿಟ್ ನಮ್ಮದು, 64 ಜನ ಇದ್ದಾರೆ, ಭಾನುವಾರ ರಜೆ. ನಾನು ಎಚ್‌ಆರ್ ನೋಡಿಕೊಳ್ಳುತ್ತೇನೆ. ಜೂನ್ 16ಕ್ಕೆ ಒಂದು ದೊಡ್ಡ ಡಿಸ್ಪ್ಯಾಚ್ ಇರುವುದರಿಂದ 14ನೇ ತಾರೀಖು ಭಾನುವಾರ 14 ಜನ ಬೇಕು. ಹೋದ ಸಲ ವಾಟ್ಸಾಪ್ ಗ್ರೂಪಿನಲ್ಲಿ "ಭಾನುವಾರ ಡ್ಯೂಟಿ ಇದೆ, ಡಬಲ್ ಕೊಡ್ತೀವಿ, ಬರೋರು ಹೇಳಿ" ಅಂತ ಹಾಕಿದ್ದೆವು. 22 ಜನ ಹೆಬ್ಬೆಟ್ಟು ಒತ್ತಿದರು, ಬಂದವರು 9. ಆಮೇಲೆ "ಡಬಲ್ ಅಂದ್ರೆ ಇಷ್ಟೇನಾ" ಅಂತ ಜಗಳ ಆಯಿತು. ಯಾರಿಗೂ ಬಲವಂತ ಮಾಡದೆ, ಹಣದ ವಿಷಯ ಸ್ಪಷ್ಟವಾಗಿ ಹೇಳಿ, ಹೆಸರು ತೆಗೆದುಕೊಳ್ಳುವುದು ಹೇಗೆ? ನೋಟಿಸ್ ಹೇಗೆ ಬರೆಯಬೇಕು?

ಉತ್ತರ:

ನೋಟಿಸ್ ಬರೆಯಲು ಕೂರುವ ಮೊದಲು ಒಂದು ವಿಷಯ ತೀರ್ಮಾನ ಆಗಬೇಕು: ಆ ಭಾನುವಾರಕ್ಕೆ ಬದಲಾಗಿ ರಜೆ ಯಾವ ದಿನ? ಹಣದ ಲೆಕ್ಕ ಇದರ ಮೇಲೇ ನಿಂತಿದೆ. ಹೋದ ಸಲದ ಜಗಳ ಡಬಲ್ ಎಂಬ ಪದದ್ದು ಅನ್ನಿಸಿದರೂ ಬೇರು ಬಹುಶಃ ಇಲ್ಲೇ ಇದೆ.

ಕಾನೂನಿನ ಕಣ್ಣಿನಲ್ಲಿ ವಾರ ಶುರುವಾಗುವುದು ಶನಿವಾರ ಮಧ್ಯರಾತ್ರಿ. ಅಂದರೆ ಭಾನುವಾರ ಹೋದ ವಾರದ ಕೊನೆಯ ದಿನ ಅಲ್ಲ, ಮುಂದಿನ ವಾರದ ಮೊದಲ ದಿನ. 1948ರ ಹಳೆಯ ಕಾರ್ಖಾನೆಗಳ ಕಾಯ್ದೆಯ 52ನೇ ಕಲಂ ಭಾನುವಾರ ಕೆಲಸ ಮಾಡಿಸಲು ಬಿಡುತ್ತಿದ್ದುದು ಒಂದು ಷರತ್ತಿನ ಮೇಲೆ: ಅದರ ಹಿಂದಿನ ಮೂರು ದಿನ ಅಥವಾ ಮುಂದಿನ ಮೂರು ದಿನಗಳಲ್ಲಿ ಒಂದು ಪೂರ್ತಿ ದಿನ ಬದಲಿ ರಜೆ ಇರಬೇಕು. ಜತೆಗೆ, ಈ ಅದಲು ಬದಲಿನಿಂದ ಯಾರೂ ಒಂದು ದಿನವೂ ಪೂರ್ತಿ ರಜೆ ಇಲ್ಲದೆ ಹತ್ತು ದಿನಕ್ಕಿಂತ ಹೆಚ್ಚು ದುಡಿಯುವಂತಾಗಬಾರದು. ಆ ಕಾಯ್ದೆಯ ಜಾಗಕ್ಕೆ 2025ರ ನವೆಂಬರ್ 21ರಿಂದ ಜಾರಿಗೆ ಬಂದ 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿ ಸಂಹಿತೆ ಇದನ್ನೇ ಇನ್ನೂ ನೇರವಾಗಿ ಹೇಳುತ್ತದೆ: ಯಾವ ವಾರದಲ್ಲೂ ಆರು ದಿನಕ್ಕಿಂತ ಹೆಚ್ಚು ಕೆಲಸ ಇಲ್ಲ. ದಿನಕ್ಕೆ 8 ಗಂಟೆ, ಮೀರಿದರೆ ದುಪ್ಪಟ್ಟು ದರ, ಮತ್ತು ಓಟಿಗೆ ಕಾರ್ಮಿಕರ ಒಪ್ಪಿಗೆ ಬೇಕೇ ಬೇಕು ಎಂಬುದೂ ಅದರಲ್ಲಿದೆ. ಹಾಗಾಗಿ ಯಾರಿಗೂ ಬಲವಂತ ಬೇಡ ಎಂದು ನೀವು ಬರೆದಿರುವುದು ಬರೀ ಸೌಜನ್ಯದ ಮಾತಲ್ಲ.

ಇದನ್ನು ನಿಮ್ಮ ತಾರೀಖುಗಳಿಗೆ ಹೊಂದಿಸಿ ನೋಡಿ. ಜೂನ್ 14ರ ಕೆಲಸಕ್ಕೆ ಗುರುವಾರ, 11ನೇ ತಾರೀಖೇ ಮುಂಗಡ ರಜೆ ಕೊಟ್ಟಿರಿ ಅನ್ನೋಣ. ಆಗ 14ರಿಂದ 20ರವರೆಗಿನ ವಾರದಲ್ಲಿ ಆತ ಏಳೂ ದಿನ ಬಂದ ಹಾಗಾಯಿತು. ಒಟ್ಟು 56 ಗಂಟೆ. 48ನ್ನು ಮೀರಿದ 8 ಗಂಟೆಗೆ ದುಪ್ಪಟ್ಟು ಕೊಡಲೇಬೇಕು, ಮೇಲಾಗಿ ಸಂಹಿತೆಯ ಆರು ದಿನದ ನಿಯಮವೂ ಮುರಿಯಿತು. ಅದೇ ರಜೆಯನ್ನು 15, 16 ಅಥವಾ 17ನೇ ತಾರೀಖು ಕೊಟ್ಟರೆ ವಾರ ಆರೇ ದಿನ, 48 ಗಂಟೆ. ಹಳೆಯ ನಿಯಮ, ಹೊಸ ನಿಯಮ ಎರಡಕ್ಕೂ ಸರಿಹೋಗುತ್ತದೆ. ಹಿಂದಿನ ಸೋಮವಾರ, 8ರಿಂದ ಎಣಿಸಿದರೂ 17ನೇ ತಾರೀಖು ರಜೆ ತೆಗೆದುಕೊಳ್ಳುವವರದು 16ರ ಮಂಗಳವಾರದವರೆಗೆ ಸತತ ಒಂಬತ್ತು ದಿನ ಆಗುತ್ತದೆ, ಹತ್ತರೊಳಗೇ ಇದೆ. ಆದ್ದರಿಂದ ಬದಲಿ ರಜೆ ಭಾನುವಾರದ ನಂತರವೇ ಇರಲಿ.

"ದುಡ್ಡು ಕೊಡ್ತೀವಲ್ಲ, ರಜೆ ಯಾಕೆ" ಎಂದು ಮ್ಯಾನೇಜ್‌ಮೆಂಟ್ ಕೇಳುತ್ತದೆ. ರಜೆಯ ಬದಲು ಹಣ ಎಂಬ ಆಯ್ಕೆ ಇಲ್ಲಿ ಇಲ್ಲ. ನಿಮ್ಮ ಯೂನಿಟ್‌ಗೆ ಸರ್ಕಾರದ ವಿನಾಯಿತಿ ಆದೇಶ ಇದ್ದರೆ ಮಾತ್ರ ರಜೆಯನ್ನು ಮುಂದೂಡಬಹುದು, ಆಗಲೂ ಅದೇ ತಿಂಗಳು ಅಥವಾ ನಂತರದ ಎರಡು ತಿಂಗಳಲ್ಲಿ ಅಷ್ಟೇ ದಿನ ವಾಪಸ್ ಕೊಡಬೇಕು. ಊರು ದೂರ ಇರುವ ಹುಡುಗರು ಇದಕ್ಕೆ ಉಲ್ಟಾ ಕೇಳುತ್ತಾರೆ: "ಈಗ ಬೇಡ ಸರ್, ಕೂಡಿಸಿಡಿ, ಹಬ್ಬಕ್ಕೆ ಊರಿಗೆ ಹೋಗುವಾಗ ತಗೋತೀವಿ." ಕೇಳುವುದು ನ್ಯಾಯವೇ, ಆದರೆ ಬದಲಿ ರಜೆಯನ್ನು ಹಾಗೆ ಕೂಡಿಡಲು ಬರುವುದಿಲ್ಲ. ಹಬ್ಬಕ್ಕೆ ಅವರ ಗಳಿಕೆ ರಜೆಯನ್ನು ಮೊದಲೇ ಮಂಜೂರು ಮಾಡಿ ಕೊಡಿ, ಎರಡನ್ನೂ ಬೆರೆಸಬೇಡಿ.

ಈಗ ಹಣ. ಬದಲಿ ರಜೆ 15ರಿಂದ 17ರೊಳಗೆ ಕೊಟ್ಟು, ಆ ವಾರ ಬೇರೆ ಓಟಿ ಇಲ್ಲದಿದ್ದರೆ, ಭಾನುವಾರದ 8 ಗಂಟೆಗೆ ದುಪ್ಪಟ್ಟು ಕೊಡಬೇಕೆಂಬ ನಿರ್ಬಂಧ ಕಾಯ್ದೆಯಲ್ಲಿ ಇಲ್ಲ. 48 ಗಂಟೆ ಮೀರಿಲ್ಲವಲ್ಲ. ಹೋದ ಸಲ ನಿಮ್ಮ ಅಕೌಂಟ್ಸ್‌ನವರು ಹಿಡಿದ ವಾದ ಇದೇ ಇದ್ದೀತು. ಆದರೆ ನೀವು ಗ್ರೂಪಿನಲ್ಲಿ ಡಬಲ್ ಎಂದು ಹಾಕಿದ ಮೇಲೆ ಆ ವಾದಕ್ಕೆ ಬೆಲೆ ಇಲ್ಲ, ಮಾತು ಕೊಟ್ಟಾಗಿದೆ. ವೇತನ ಒಪ್ಪಂದದಲ್ಲೋ ಸ್ಥಾಯಿ ಆದೇಶದಲ್ಲೋ ವಾರದ ರಜೆಯಂದು ಬಂದರೆ ಡಬಲ್ ಎಂದು ಬರೆದಿದ್ದರೆ, ಅಥವಾ ವರ್ಷಗಳಿಂದ ಹಾಗೇ ಕೊಟ್ಟು ಬಂದಿದ್ದರೆ, ಈಗ ಏಕಾಏಕಿ ನಿಲ್ಲಿಸಲೂ ಆಗುವುದಿಲ್ಲ. ಮೊದಲು ಆ ಎರಡು ಕಾಗದ ತೆಗೆದು ಓದಿ.

ಮುಂದೆ ಎರಡು ದಾರಿ ಇವೆ. ಒಂದು, ಬದಲಿ ರಜೆ ಮತ್ತು ಒಂದು ದಿನದ ಸಂಬಳದಷ್ಟು ಭಾನುವಾರದ ಭತ್ಯೆ. ಇನ್ನೊಂದು, ಬದಲಿ ರಜೆ ಮತ್ತು ದುಪ್ಪಟ್ಟು ದರ. ಮೊದಲನೆಯದು ಅಗ್ಗ, ಕಾನೂನಿಗೂ ವಿರುದ್ಧವಲ್ಲ, ಬೇರೆ ಯೂನಿಟ್ ಆಗಿದ್ದರೆ ಅದನ್ನೇ ಹೇಳುತ್ತಿದ್ದೆ. ನಿಮ್ಮಲ್ಲಿ ಒಮ್ಮೆ ಮಾತು ತಪ್ಪಿದೆ ಎಂಬ ಭಾವನೆ ಇರುವಾಗ ಈ ಸಲಕ್ಕೆ ಎರಡನೆಯದೇ ಸರಿ. ಹೋದ ಸಲದ ಬಾಕಿ ಇದ್ದರೆ ಅದನ್ನೂ ನೋಟಿಸ್ ಅಂಟಿಸುವ ಮೊದಲೇ ತೀರಿಸಿಬಿಡಿ. ಹಳೆಯ ಲೆಕ್ಕ ಬಾಕಿ ಇಟ್ಟುಕೊಂಡು ಹೊಸ ಹೆಸರು ಕೇಳಿದರೆ ಹಾಳೆಯಲ್ಲಿ ಹೆಸರುಗಳೇ ಇರುವುದಿಲ್ಲ.

ಡಬಲ್ ಎಂದು ಬರೆಯಬೇಡಿ, ರೂಪಾಯಿ ಬರೆಯಿರಿ. ಡಬಲ್ ಎಂದರೆ ಬೇಸಿಕ್‌ನ ದುಪ್ಪಟ್ಟೋ, ಬೇಸಿಕ್ ಮತ್ತು ಡಿಎ ಸೇರಿಸಿಯೋ, ಎಲ್ಲ ಭತ್ಯೆ ಸೇರಿಸಿಯೋ? 26ರಿಂದ ಭಾಗಿಸಿಯೋ, 30ರಿಂದಲೋ? ಒಬ್ಬೊಬ್ಬರು ಒಂದೊಂದು ಲೆಕ್ಕ ಹಾಕಿಕೊಂಡು ಬಂದಿರುತ್ತಾರೆ, ಸ್ಲಿಪ್ ನೋಡಿದ ದಿನ ನಿಜ ತಿಳಿಯುತ್ತದೆ. ಹಳೆಯ ಕಾಯ್ದೆಯ 59ನೇ ಕಲಂ ಪ್ರಕಾರ ಓಟಿ ದರಕ್ಕೆ ಬೇಸಿಕ್ ಜತೆ ಆತನಿಗೆ ಸಲ್ಲುವ ಭತ್ಯೆಗಳೂ ಸೇರುತ್ತಿದ್ದವು, ಬೋನಸ್ ಮತ್ತು ಓಟಿ ಹಣ ಸೇರುತ್ತಿರಲಿಲ್ಲ. ಹೊಸ ಸಂಹಿತೆಗಳಲ್ಲಿ ವೇತನದ ವ್ಯಾಖ್ಯೆ ಬೇರೆ, ಮನೆ ಬಾಡಿಗೆ ಭತ್ಯೆಯಂಥವನ್ನು ಒಂದು ಮಿತಿಯವರೆಗೆ ಹೊರಗಿಡುತ್ತದೆ. ಸಣ್ಣ ಯೂನಿಟ್‌ಗೆ ತಲೆನೋವಿಲ್ಲದ ದಾರಿ ಎಂದರೆ ಪ್ರತಿ ತಿಂಗಳು ತಪ್ಪದೆ ಕೊಡುವ ಎಲ್ಲವನ್ನೂ ಸೇರಿಸಿ, 26ರಿಂದ ಭಾಗಿಸುವುದು. ಒಬ್ಬರಿಗೆ ನೂರಿನ್ನೂರು ಹೆಚ್ಚು ಹೋಗಬಹುದು, ವಾದ ಮಾಡಲು ಯಾರಿಗೂ ಏನೂ ಉಳಿಯುವುದಿಲ್ಲ.

ಒಂದು ಲೆಕ್ಕ ಮಾಡಿ ನೋಡೋಣ. ಸಿಎನ್‌ಸಿ ಆಪರೇಟರ್‌ಗೆ ತಿಂಗಳಿಗೆ 20,800 ರೂ. ಎಂದಿಟ್ಟುಕೊಳ್ಳಿ. 26ರಿಂದ ಭಾಗಿಸಿದರೆ ದಿನಕ್ಕೆ 800, 8ರಿಂದ ಭಾಗಿಸಿದರೆ ಗಂಟೆಗೆ 100. ದುಪ್ಪಟ್ಟು 200, ಎಂಟು ಗಂಟೆಗೆ 1,600. 30ರಿಂದ ಭಾಗಿಸಿದ್ದರೆ ಇದೇ ಮೊತ್ತ 1,387ರ ಹತ್ತಿರ ಬರುತ್ತಿತ್ತು. ಇನ್ನೂರು ಚಿಲ್ಲರೆ ವ್ಯತ್ಯಾಸ, ಜಗಳಕ್ಕೆ ಇಷ್ಟು ಸಾಕು. ಆಪರೇಟರ್ ಇಎಸ್‌ಐ ವ್ಯಾಪ್ತಿಯಲ್ಲಿ ಇರುವುದರಿಂದ ಅವನ ಪಾಲು ಶೇ. 0.75 ಕಡಿತ ಆಗುತ್ತದೆ, ಅಂದರೆ 12 ರೂ. ಕೈಗೆ 1,588. ಇಲ್ಲಿ ಒಂದು ಭಯ ಸಾಮಾನ್ಯ: "ಓಟಿ ಸೇರಿ 21,000 ದಾಟಿದರೆ ಇಎಸ್‌ಐ ಹೋಗುತ್ತಾ ಸರ್?" ಹೋಗುವುದಿಲ್ಲ. ವಂತಿಗೆ ಕಟ್ಟುವಾಗ ಓಟಿ ಹಣ ಲೆಕ್ಕಕ್ಕೆ ಬರುತ್ತದೆ, 21,000ದ ಮಿತಿ ನೋಡುವಾಗ ಬರುವುದಿಲ್ಲ. ಮನೆಯಲ್ಲಿ ಯಾರಿಗಾದರೂ ಇಎಸ್‌ಐ ಆಸ್ಪತ್ರೆಯಲ್ಲಿ ಚಿಕಿತ್ಸೆ ನಡೆಯುತ್ತಿದ್ದರೆ ಈ ಒಂದು ಅನುಮಾನಕ್ಕೇ ಜನ ಓಟಿ ಬೇಡ ಎನ್ನುತ್ತಾರೆ. ಬಾಯಿಬಿಟ್ಟು ಕೇಳುವುದಿಲ್ಲ. ಆದ್ದರಿಂದ ನೋಟಿಸಿನಲ್ಲೇ ಒಂದು ಸಾಲು ಬರೆದುಬಿಡಿ.

ಡಿಬರ್ರಿಂಗ್ ಮತ್ತು ಸ್ಟೋರ್ಸ್‌ನವರಿಗೆ 18,200 ಆದರೆ ದಿನಕ್ಕೆ 700, ಭಾನುವಾರಕ್ಕೆ 1,400. ಇನ್‌ಸ್ಪೆಕ್ಷನ್ ಮತ್ತು ಎಲೆಕ್ಟ್ರಿಷಿಯನ್‌ಗೆ 23,400 ಆದರೆ 900, ಭಾನುವಾರಕ್ಕೆ 1,800. ಇದು ನನ್ನ ಉದಾಹರಣೆ, ನಿಮ್ಮಲ್ಲಿ ಕೊಡುವ ಸಂಬಳ ಹಾಕಿಕೊಳ್ಳಿ. ಒಂದೇ ಕೆಲಸದಲ್ಲಿ ಇಬ್ಬರಿಗೆ ಬೇರೆ ಬೇರೆ ಸಂಬಳ ಇದ್ದರೆ ನೋಟಿಸಿನಲ್ಲಿ ಸೂತ್ರ ಮತ್ತು ಒಂದು ಉದಾಹರಣೆ ಸಾಕು, ಅವರವರ ಮೊತ್ತವನ್ನು ಹೆಸರು ಬರೆಯುವಾಗ ಟೈಮ್ ಆಫೀಸಿನಲ್ಲಿ ತೋರಿಸಿ. ಎಲ್ಲರ ಸಂಬಳ ಗೋಡೆಗೆ ಅಂಟಿಸಿ ಹೊಸ ಜಗಳ ತರಬೇಡಿ.

14 ಜನರನ್ನು ಒಟ್ಟಾಗಿ ಕೇಳುವುದು ಇನ್ನೊಂದು ತಪ್ಪು. ನಿಮಗೆ ಬೇಕಾಗಿರುವುದು ತಲೆ ಎಣಿಕೆ ಅಲ್ಲ, ಲೈನ್ ಓಡುವುದು. ಹೋದ ಸಲ ಬಂದ 9 ಜನರಲ್ಲಿ ಇನ್‌ಸ್ಪೆಕ್ಟರ್ ಇದ್ದರೇ? ಇಲ್ಲದಿದ್ದರೆ ತಯಾರಾದ ಪೀಸ್‌ಗಳೆಲ್ಲ ಸೋಮವಾರದವರೆಗೆ ಟ್ರೇಯಲ್ಲೇ ಕೂತಿರುತ್ತವೆ. ಕೆಲಸವಾರು ಹಂಚಿ: ಸಿಎನ್‌ಸಿ 4, ವಿಎಂಸಿ 3, ಡಿಬರ್ರಿಂಗ್ 3, ಇನ್‌ಸ್ಪೆಕ್ಷನ್ 1, ಸ್ಟೋರ್ಸ್ 1, ಎಲೆಕ್ಟ್ರಿಷಿಯನ್ 1, ಸೂಪರ್‌ವೈಸರ್ 1. ಒಬ್ಬರೇ ಇರುವ ಕೆಲಸಗಳಿಗೆ, ಅಂದರೆ ಇನ್‌ಸ್ಪೆಕ್ಷನ್ ಮತ್ತು ಎಲೆಕ್ಟ್ರಿಷಿಯನ್‌ಗೆ, ಒಬ್ಬೊಬ್ಬರನ್ನು ಕಾಯ್ದಿರಿಸಿ. ಸಿಎನ್‌ಸಿ ಮತ್ತು ಡಿಬರ್ರಿಂಗ್‌ಗೂ ಒಬ್ಬೊಬ್ಬರು. ಈ ಲೆಕ್ಕದಲ್ಲಿ ಸೂಪರ್‌ವೈಸರ್ ಬಿಟ್ಟು 13 ಜನರಿಗೆ 20,400 ರೂ. ಆಗುತ್ತದೆ, ಇಎಸ್‌ಐ ಇರುವ 11 ಜನರ 16,800ಕ್ಕೆ ಕಂಪನಿಯ ಪಾಲು ಶೇ. 3.25, ಅಂದರೆ 546. ಊಟ, ವ್ಯಾನ್ ಬೇರೆ. ಈ ಮೊತ್ತಕ್ಕೆ ಮಾಲೀಕರ ಸಹಿ ಮೊದಲು ಬೀಳಲಿ, ನೋಟಿಸ್ ಆಮೇಲೆ. ಜನ ಬಂದು ಹೋದ ಮೇಲೆ "ಇಷ್ಟು ಆಗುತ್ತೆ ಅಂತ ಗೊತ್ತಿರಲಿಲ್ಲ" ಎಂದು ಮೇಲಿನಿಂದ ಬಂದರೆ ಸಿಕ್ಕಿಹಾಕಿಕೊಳ್ಳುವವರು ನೀವು.

ಸಮಯ 8:30ರಿಂದ 5ರವರೆಗೆ, 12:30ಕ್ಕೆ ಅರ್ಧ ಗಂಟೆ ಊಟ. ಎಂಟು ಗಂಟೆ ಸರಿಯಾಗುತ್ತದೆ, ಐದು ಗಂಟೆ ಸತತ ಕೆಲಸ ಆಗುವ ಮೊದಲೇ ವಿರಾಮವೂ ಬರುತ್ತದೆ. ನಿಮ್ಮ ಮೊದಲ ಶಿಫ್ಟ್‌ನಂತೆ 6ಕ್ಕೆ ಇಡಬೇಡಿ. ಭಾನುವಾರ ಮೆಟ್ರೊ ತಡವಾಗಿ ಶುರುವಾಗುತ್ತದೆ, ಬಸ್ಸೂ ಕಡಿಮೆ. ಹೋದ ಸಲ ಹೆಬ್ಬೆಟ್ಟು ಒತ್ತಿ ಬಾರದ 13 ಜನರಲ್ಲಿ ಕೆಲವರಾದರೂ ಬಸ್ ಸ್ಟಾಪಿನಿಂದ ವಾಪಸ್ ಹೋದವರು ಇರಬಹುದು, ಕೇಳಿ ನೋಡಿ.

ಇನ್ನು ನೋಟಿಸ್. ಒಂದು ಹಾಳೆಗೆ ಹಿಡಿಸಬೇಕು, ಪಂಚಿಂಗ್ ಮಷೀನ್ ಪಕ್ಕ ಮತ್ತು ಕ್ಯಾಂಟೀನ್ ಬಾಗಿಲಲ್ಲಿ ಇರಬೇಕು, ಸೋಮವಾರ 8ನೇ ತಾರೀಖು ಬೆಳಿಗ್ಗೆಯೇ ಬೀಳಬೇಕು. ಬಿಹಾರ, ಒಡಿಶಾ ಕಡೆಯವರು ಇದ್ದರೆ ಹಿಂದಿಯಲ್ಲಿ ಇನ್ನೊಂದು ಪ್ರತಿ. ಹೀಗೆ ಬರೆಯಬಹುದು:

ಸೂಚನೆ
ದಿನಾಂಕ: ಜೂನ್ 8, ಸೋಮವಾರ

ಜೂನ್ 16ರ ಡಿಸ್ಪ್ಯಾಚ್‌ಗಾಗಿ ಜೂನ್ 14, ಭಾನುವಾರ ಒಂದು ಹೆಚ್ಚುವರಿ ಶಿಫ್ಟ್ ನಡೆಸಲಿದ್ದೇವೆ. ಬರಲು ಇಷ್ಟವಿರುವವರು ಮಾತ್ರ ಹೆಸರು ಕೊಡಬಹುದು. ಬರದವರ ಹಾಜರಾತಿ ಬೋನಸ್, ಮುಂದಿನ ಓಟಿ, ರಜೆ ಯಾವುದಕ್ಕೂ ತೊಂದರೆ ಇಲ್ಲ. ಕಾರಣ ಹೇಳಬೇಕಾಗಿಲ್ಲ.

ಸಮಯ: ಬೆಳಿಗ್ಗೆ 8:30ರಿಂದ ಸಂಜೆ 5. ಊಟದ ವಿರಾಮ 12:30ರಿಂದ 1. ತಿಂಡಿ, ಊಟ, ಚಹಾ ಕಂಪನಿಯದು. 7:45ಕ್ಕೆ ಮೆಟ್ರೊ ನಿಲ್ದಾಣದಿಂದ ವ್ಯಾನ್ ಇರುತ್ತದೆ.

ಬೇಕಾದವರು: ಸಿಎನ್‌ಸಿ 4, ವಿಎಂಸಿ 3, ಡಿಬರ್ರಿಂಗ್ 3, ಇನ್‌ಸ್ಪೆಕ್ಷನ್ 1, ಸ್ಟೋರ್ಸ್ 1, ಎಲೆಕ್ಟ್ರಿಷಿಯನ್ 1.

ಹಣ: ತಿಂಗಳ ಸಂಬಳ (ಖಾಯಂ ಭತ್ಯೆಗಳೂ ಸೇರಿ) ÷ 26 × 2. ಉದಾಹರಣೆಗೆ, 20,800 ರೂ. ಸಂಬಳಕ್ಕೆ 1,600 ರೂ., ಇಎಸ್‌ಐ ಕಳೆದು 1,588 ರೂ. ಇದು ಸಂಬಳದ ಜತೆ ಹೆಚ್ಚುವರಿ. ಜೂನ್ ಸಂಬಳದೊಂದಿಗೆ ಜುಲೈ 7ರೊಳಗೆ ಬ್ಯಾಂಕ್ ಖಾತೆಗೆ ಬರುತ್ತದೆ, ಸ್ಲಿಪ್‌ನಲ್ಲಿ ಬೇರೆ ಸಾಲಿನಲ್ಲಿ ಇರುತ್ತದೆ. ಓಟಿಯಿಂದ 21,000 ರೂ. ದಾಟಿದರೂ ಇಎಸ್‌ಐ ನಿಲ್ಲುವುದಿಲ್ಲ.

ಬದಲಿ ರಜೆ: ಜೂನ್ 15, 16, 17ರಲ್ಲಿ ಒಂದು ದಿನ, ಸಂಬಳ ಕಡಿತ ಇಲ್ಲ. ಹೆಸರು ಬರೆಯುವಾಗ ಬೇಕಾದ ದಿನ ಹೇಳಿ.

ಹೆಸರು ಕೊಡುವುದು: ಟೈಮ್ ಆಫೀಸಿನ ಹಾಳೆಯಲ್ಲಿ ನೀವೇ ಸಹಿ ಮಾಡಬೇಕು. ಗುರುವಾರ, ಜೂನ್ 11, ಸಂಜೆ 5ರವರೆಗೆ. ವಾಟ್ಸಾಪ್ ಉತ್ತರ, ಬೇರೆಯವರ ಮೂಲಕ ಹೇಳಿಸಿದ ಹೆಸರು ಲೆಕ್ಕಕ್ಕಿಲ್ಲ.

ಪಟ್ಟಿ: ಶುಕ್ರವಾರ ಬೆಳಿಗ್ಗೆ 11ಕ್ಕೆ. ಹೆಚ್ಚು ಜನ ಬಂದರೆ ಹಿಂದಿನ ಎರಡು ಭಾನುವಾರದ ಶಿಫ್ಟ್‌ಗಳಿಗೆ ಬಾರದವರಿಗೆ ಮೊದಲ ಅವಕಾಶ, ನಂತರ ಸಹಿ ಮಾಡಿದ ಸಮಯದ ಪ್ರಕಾರ. ಬರಲು ಆಗುವುದಿಲ್ಲ ಎನ್ನುವವರು ಶನಿವಾರ ಮಧ್ಯಾಹ್ನ 12ರೊಳಗೆ ಹೇಳಿ.

ಶಿಫ್ಟ್ ರದ್ದಾದರೆ ಶನಿವಾರ 2ರೊಳಗೆ ತಿಳಿಸುತ್ತೇವೆ. ಅದಾದ ಮೇಲೆ ರದ್ದಾದರೆ ಪಟ್ಟಿಯಲ್ಲಿದ್ದವರಿಗೆ ನಾಲ್ಕು ಗಂಟೆಯ ಹಣ ಕೊಡುತ್ತೇವೆ.

ನೋಟಿಸ್ ಇಷ್ಟೇ. ಕೊನೆಯ ಸಾಲು ಮ್ಯಾನೇಜ್‌ಮೆಂಟ್‌ಗೆ ಹಿಡಿಸದಿರಬಹುದು. ಆದರೆ ಬಾರ್ ಸ್ಟಾಕ್ ಬಂದಿಲ್ಲ, ಪ್ರೋಗ್ರಾಂ ರೆಡಿ ಇಲ್ಲ ಎಂದು ಶನಿವಾರ ರಾತ್ರಿ ರದ್ದು ಮಾಡುವ ಚಾಳಿ ಎಲ್ಲ ಯೂನಿಟ್‌ಗಳಲ್ಲೂ ಇದೆ. ಆ ಭಾನುವಾರ ಮದುವೆಗೋ ಊರಿಗೋ ಹೋಗುವುದನ್ನು ಬಿಟ್ಟು ಹೆಸರು ಕೊಟ್ಟವನು ಮುಂದಿನ ಸಲ ಕೊಡುವುದಿಲ್ಲ. ನಾಲ್ಕು ಗಂಟೆಯ ಹಣ ಎಂದು ಬರೆದಿದ್ದರೆ ಪ್ಲಾನಿಂಗ್‌ನವರು ಶನಿವಾರ ಬೆಳಿಗ್ಗೆಯೇ ಸ್ಟಾಕ್ ನೋಡುತ್ತಾರೆ.

ಸಹಿ ಹಾಳೆಯಲ್ಲಿ ಆರು ಕಾಲಂ ಸಾಕು: ಟೋಕನ್ ನಂಬರ್, ಹೆಸರು, ಕೆಲಸ, ಬೇಕಾದ ಬದಲಿ ರಜೆ ದಿನ, ತಾರೀಖು ಮತ್ತು ಸಮಯ, ಸಹಿ. ಕೆಲಸವಾರು ಬೇರೆ ಬೇರೆ ಭಾಗ ಮಾಡಿ, ಪ್ರತಿ ಭಾಗದಲ್ಲಿ ಬೇಕಾದಷ್ಟು ಸಾಲು, ಕೆಳಗೆ ಗೆರೆ ಎಳೆದು ಕಾಯ್ದಿರಿಸಿದವರ ಸಾಲು. ತುಂಬಿದ್ದು ಕಣ್ಣಿಗೆ ಕಾಣುತ್ತದೆ. ಈ ಹಾಳೆಯೇ ನಿಮ್ಮ ಒಪ್ಪಿಗೆ ಪತ್ರ ಕೂಡ, ಫೈಲಿನಲ್ಲಿ ಇಡಿ. ವಾಟ್ಸಾಪ್‌ನಲ್ಲಿ ನೋಟಿಸಿನ ಫೋಟೊ ಮಾತ್ರ ಹಾಕಿ, ಗ್ರೂಪಿನಲ್ಲಿ ಉತ್ತರ ಬರೆಯಲು ಬಿಡಬೇಡಿ. ಹೆಬ್ಬೆಟ್ಟು ಎಂದರೆ ನೋಡಿದೆ ಎಂದು ಒಬ್ಬರ ಅರ್ಥ, ಬರುತ್ತೇನೆ ಎಂದು ಇನ್ನೊಬ್ಬರದು, ಎಲ್ಲರೂ ಒತ್ತಿದ್ದಾರೆ ನಾನೊಬ್ಬ ಯಾಕೆ ಬಿಡಲಿ ಎಂದು ಮತ್ತೊಬ್ಬರದು. ಪೆನ್ನು ಹಿಡಿದು ಸಹಿ ಮಾಡುವಾಗ ಆ ಗೊಂದಲ ಇರುವುದಿಲ್ಲ.

ಬಲವಂತ ಬರುವುದು ನೋಟಿಸಿನಿಂದ ಅಲ್ಲ, ಸೂಪರ್‌ವೈಸರ್ ಬಾಯಿಂದ. "ನಿನ್ನ ಹೆಸರು ಹಾಕಿದೀನಿ ನೋಡು" ಎಂದು ಆತ ತಾನೇ ಬರೆದುಬಿಡುತ್ತಾನೆ, ಅಥವಾ "ಬರದೇ ಇದ್ರೆ ರಜೆ ಕೇಳೋಕೆ ಬಾ, ಆಗ ನೋಡ್ತೀನಿ" ಎನ್ನುತ್ತಾನೆ. ಇದನ್ನು ಹಾಳೆಯಲ್ಲೇ ಹಿಡಿಯಬಹುದು: ಒಂದೇ ಕೈಬರಹದಲ್ಲಿ ನಾಲ್ಕೈದು ಹೆಸರು, ಒಂದೇ ಐದು ನಿಮಿಷದಲ್ಲಿ ಒಂದು ಸೆಲ್‌ನ ಎಲ್ಲರ ಸಹಿ. ಹಾಗೆ ಕಂಡರೆ ಆ ಹೆಸರಿನವರನ್ನು ಒಬ್ಬೊಬ್ಬರಾಗಿ ಕರೆದು ಕೇಳಿ. ಸೋಮವಾರ ಬೆಳಿಗ್ಗೆ ಸೂಪರ್‌ವೈಸರ್‌ಗಳಿಗೆ ಹೇಳಿಡುವ ಮಾತು ಸರಳ: "ಭಾನುವಾರ ಶಿಫ್ಟ್ ಇದೆ, ನೋಟಿಸ್ ಓದಿ, ಬರೋದಿದ್ರೆ ಟೈಮ್ ಆಫೀಸಿನಲ್ಲಿ ಸಹಿ ಮಾಡಿ" ಎಂದು ಎಲ್ಲರೆದುರು ಒಮ್ಮೆ ಹೇಳಿ ಬಿಡಬೇಕು. ಯಾಕೆ ಬರಲ್ಲ ಎಂದು ಕೇಳಬಾರದು.

ಹೆಸರು ತೆಗೆದುಕೊಳ್ಳಬಾರದವರೂ ಇದ್ದಾರೆ. ಅಪ್ರೆಂಟಿಸ್‌ಗಳನ್ನು ಬಿಡಿ, ಅಪ್ರೆಂಟಿಸ್‌ಶಿಪ್ ಸಲಹೆಗಾರರ ಅನುಮತಿ ಇಲ್ಲದೆ ಅವರಿಂದ ಓಟಿ ಮಾಡಿಸುವಂತಿಲ್ಲ. 18 ತುಂಬದವರು ಬೇಡವೇ ಬೇಡ. ಆ ವಾರ ಬೇರೆ ದಿನ ಓಟಿ ಮಾಡಲಿರುವವರ ಗಂಟೆ ಬೇರೆಯಾಗಿ ಲೆಕ್ಕ ಹಾಕಿ, ಅದು ಕಾನೂನಿನ ದುಪ್ಪಟ್ಟು. ಶನಿವಾರ ರಾತ್ರಿ 10:30ಕ್ಕೆ ಎರಡನೇ ಶಿಫ್ಟ್ ಮುಗಿಸಿ ಹೋದವನು ಬೆಳಿಗ್ಗೆ 8:30ಕ್ಕೆ ಲೇತ್ ಮುಂದೆ ನಿಲ್ಲುವುದು ಒಳ್ಳೆಯದಲ್ಲ, ಬೇರೆ ಹೆಸರು ಇದ್ದರೆ ಅವನನ್ನು ಕಾಯ್ದಿರಿಸಿದವರಲ್ಲಿ ಇಡಿ. ಕಂಟ್ರಾಕ್ಟ್ ಹುಡುಗರು ಡಿಬರ್ರಿಂಗ್‌ನಲ್ಲಿ ಇದ್ದರೆ ಅವರಿಗೂ ಇದೇ ಸೂತ್ರ, ಇದೇ ರಜೆ. ಕಂಟ್ರಾಕ್ಟರ್ ಕೈಯಿಂದ ಮೊತ್ತವನ್ನು ಬರಹದಲ್ಲಿ ತೆಗೆದುಕೊಳ್ಳಿ. ಅವನು ಕೊಡದಿದ್ದರೆ ಹೊಣೆ ಕೊನೆಗೆ ನಿಮ್ಮ ಕಂಪನಿಯ ತಲೆಗೇ ಬರುತ್ತದೆ. ಸೂಪರ್‌ವೈಸರ್ ವಿಷಯ ಬೇರೆ, ಮೇಲ್ವಿಚಾರಣೆಯ ಕೆಲಸದಲ್ಲಿ ತಿಂಗಳಿಗೆ 18,000ಕ್ಕಿಂತ ಹೆಚ್ಚು ಪಡೆಯುವವರು ಸಂಹಿತೆಯ ಪ್ರಕಾರ ಕಾರ್ಮಿಕರಲ್ಲ. ಆದರೆ ಅವರಿಗೂ ಬದಲಿ ರಜೆ ಕೊಡಿ, ಇಲ್ಲದಿದ್ದರೆ ಆ ಸಿಟ್ಟು ಕೆಳಗಿನವರ ಮೇಲೆ ತಿರುಗುತ್ತದೆ.

ಶುಕ್ರವಾರ ಪಟ್ಟಿ ಸಿದ್ಧವಾದ ಕೂಡಲೇ ಯಾರಿಗೆ ಯಾವ ದಿನ ಬದಲಿ ರಜೆ ಎಂದು ಬರೆದು ಅಂಟಿಸಬೇಕು, ಒಂದು ಪ್ರತಿ ಭಾನುವಾರಕ್ಕೆ ಮೊದಲೇ ಕಾರ್ಖಾನೆ ಮತ್ತು ಬಾಯ್ಲರ್ ಇಲಾಖೆಯ ಇನ್‌ಸ್ಪೆಕ್ಟರ್ ಕಚೇರಿಗೆ ತಲುಪಬೇಕು. ಹಳೆಯ ಕಾಯ್ದೆ ಕೇಳುತ್ತಿದ್ದ ಕ್ರಮ ಇದು, ಈಗಲೂ ಪಾಲಿಸಿದರೆ ನಷ್ಟವಿಲ್ಲ, ಸ್ವೀಕೃತಿ ಫೈಲಿನಲ್ಲಿ ಇರುತ್ತದೆ. ಹೆಸರು ಕೊಡುವ ಗಡುವನ್ನು ಗುರುವಾರಕ್ಕೆ ಇಟ್ಟಿದ್ದು ಇದೇ ಕಾರಣಕ್ಕೆ. ಶನಿವಾರ ಸಂಜೆಯವರೆಗೆ ಎಳೆದರೆ ಈ ಕಾಗದ ಹೋಗುವುದಿಲ್ಲ. ರಜೆ ಹಂಚುವಾಗ 15ಕ್ಕೆ ಐದು, 16ಕ್ಕೆ ಐದು, 17ಕ್ಕೆ ನಾಲ್ಕು ಜನ ಇರಲಿ. ನಾಲ್ವರು ಸಿಎನ್‌ಸಿಯವರಲ್ಲಿ ಇಬ್ಬರಿಗಿಂತ ಹೆಚ್ಚು ಒಂದೇ ದಿನ ಬೇಡ. ಎಲ್ಲರೂ ಸೋಮವಾರ ಕೇಳುತ್ತಾರೆ, ಭಾನುವಾರ ದುಡಿದ ಮರುದಿನವೇ ಬೇಕು ಎನ್ನುವುದು ಸಹಜ; ಡಿಸ್ಪ್ಯಾಚ್ 16ಕ್ಕೆ ಇರುವುದರಿಂದ ಪ್ಯಾಕಿಂಗ್‌ಗೆ ಬೇಕಾದವರನ್ನು ಮಾತ್ರ 17ಕ್ಕೆ ಹಾಕಿ, ಅದನ್ನು ಹೆಸರು ಬರೆಸಿಕೊಳ್ಳುವಾಗಲೇ ಹೇಳಿ.

ಒಂದು ಮಾತು ಮ್ಯಾನೇಜ್‌ಮೆಂಟ್‌ಗೂ ತಿಳಿದಿರಲಿ. ಈ ವ್ಯವಸ್ಥೆಯಲ್ಲಿ ವಾರದ ಒಟ್ಟು ಗಂಟೆ ಹೆಚ್ಚಾಗುವುದಿಲ್ಲ, ಬದಲಿ ರಜೆಯ ದಿನದ ಕೆಲಸ ಭಾನುವಾರಕ್ಕೆ ಬರುತ್ತದೆ ಅಷ್ಟೆ. ಮಂಗಳವಾರದ ಡಿಸ್ಪ್ಯಾಚ್ ಹಿಡಿಯಲು ಅದು ಸಾಕು. ಪ್ರತಿ ವಾರವೂ ಭಾನುವಾರ ಬೇಕಾಗುತ್ತಿದ್ದರೆ ನಿಮಗೆ ಕೊರತೆ ಇರುವುದು ದಿನದ್ದಲ್ಲ, ಜನರದ್ದು ಅಥವಾ ಮಷೀನಿನದ್ದು. ಅದಕ್ಕೆ ನೋಟಿಸ್ ಪರಿಹಾರ ಅಲ್ಲ.

ಹೆಸರು ಸಾಕಷ್ಟು ಬರದಿದ್ದರೆ? ಬುಧವಾರ ಮಧ್ಯಾಹ್ನ ಹಾಳೆ ನೋಡಿ. ಇನ್‌ಸ್ಪೆಕ್ಷನ್ ಸಾಲು ಖಾಲಿ ಇದ್ದರೆ ಆ ಕೆಲಸ ಗೊತ್ತಿರುವ ಇಬ್ಬರು ಮೂವರನ್ನು ನೀವೇ ಹೋಗಿ ಕೇಳಬಹುದು, ಆದರೆ ಒಬ್ಬರಿಗೆ ಮಾತ್ರ ಗುಟ್ಟಾಗಿ ಹೆಚ್ಚು ಹಣ ಹೇಳಬೇಡಿ. ಸೋಮವಾರದೊಳಗೆ ಇಡೀ ಶಾಪ್‌ಗೆ ಗೊತ್ತಾಗುತ್ತದೆ. ಹೆಚ್ಚಿಸುವುದಾದರೆ ಆ ಕೆಲಸಕ್ಕೆ ಎಷ್ಟು ಹೆಚ್ಚು ಎಂದು ನೋಟಿಸಿನಲ್ಲೇ ತಿದ್ದಿ ಬರೆಯಿರಿ. ಆಗಲೂ ಯಾರೂ ಬರದಿದ್ದರೆ ಶಿಫ್ಟ್ ಚಿಕ್ಕದು ಮಾಡಿ: ಇನ್‌ಸ್ಪೆಕ್ಷನ್ ಬೇಡದ ರಫಿಂಗ್ ಕೆಲಸವನ್ನು ಭಾನುವಾರ ಮುಗಿಸಿ, ಅಂತಿಮ ತಪಾಸಣೆಯನ್ನು ಸೋಮವಾರ ಮೊದಲ ಶಿಫ್ಟ್‌ಗೆ ಇಟ್ಟುಕೊಳ್ಳಿ.

ಶನಿವಾರ 12ಕ್ಕೆ ಯಾರಾದರೂ ಹಿಂದೆ ಸರಿದರೆ ಕಾಯ್ದಿರಿಸಿದವರಿಗೆ ಆಗಲೇ ಫೋನ್ ಮಾಡಿ, ಭಾನುವಾರ ಬೆಳಿಗ್ಗೆ 8ಕ್ಕೆ ಅಲ್ಲ. ಭಾನುವಾರ ಎಂದಿನಂತೆ ಪಂಚಿಂಗ್ ಆಗಲಿ, ಕಾಗದದ ಮೇಲೆ ಹಾಜರಿ ಬೇಡ. ಪಂಚ್ ಇಲ್ಲದ ದಿನ ಯಾರಿಗಾದರೂ ಕೈ ಕತ್ತರಿಸಿಕೊಂಡರೆ ಇಎಸ್‌ಐಗೆ ಅಪಘಾತ ವರದಿ ಬರೆಯುವಾಗ ಆತ ಅಂದು ಕೆಲಸದಲ್ಲಿದ್ದ ಎಂದು ತೋರಿಸುವುದೇ ಕಷ್ಟವಾಗುತ್ತದೆ. ಹಣವನ್ನು ಕವರಿನಲ್ಲಿ ನಗದಾಗಿ ಕೊಡುವುದೂ ಬೇಡ, ಅದೇ ತೊಂದರೆ. ಜುಲೈ ಮೊದಲ ವಾರ ಸ್ಲಿಪ್ ಪ್ರಿಂಟ್ ಆಗುವ ಮೊದಲು ಒಬ್ಬ ಆಪರೇಟರ್‌ದು, ಒಬ್ಬ ಡಿಬರ್ರಿಂಗ್ ಹುಡುಗನದು ತೆಗೆದು ನೋಟಿಸಿನ ಸೂತ್ರದೊಂದಿಗೆ ನೀವೇ ತಾಳೆ ನೋಡಿ. ಪೇರೋಲ್ ಸಾಫ್ಟ್‌ವೇರ್‌ನಲ್ಲಿ ಭಾಗಿಸುವ ದಿನ 30 ಎಂದು ಕೂತಿದ್ದರೆ 1,600 ಇರಬೇಕಾದಲ್ಲಿ 1,387 ಬಂದಿರುತ್ತದೆ.